ಗೂಡಿನ ದರ, ನೂಲಿನ ತೂಕ: ಎರಡು ವ್ಯತ್ಯಾಸಗಳು ಹೇಳುವ ಕಥೆ

ಕಾರ್ಖಾನೆಯ ತಿಂಗಳ ಖರ್ಚು ಅಂದಾಜಿಗಿಂತ ಹೆಚ್ಚಾದರೆ ಅದಕ್ಕೆ ಮೂಲತಃ ಎರಡೇ ದಾರಿ. ಕೊಂಡ ಸಾಮಗ್ರಿಗೆ ಹೆಚ್ಚು ದರ ಕೊಟ್ಟಿರಬೇಕು, ಇಲ್ಲವೇ ಅದೇ ಮಾಲು ತಯಾರಿಸಲು ಹೆಚ್ಚು ಸಾಮಗ್ರಿ ಬಳಸಿರಬೇಕು. ಪ್ರಮಾಣಿತ ವೆಚ್ಚ ಪದ್ಧತಿ ಮಾಡುವ ಕೆಲಸ ಈ ಎರಡನ್ನು ಬೇರ್ಪಡಿಸುವುದು. ಒಂದು ಘಟಕ ಮಾಲಿಗೆ ಎಷ್ಟು ಸಾಮಗ್ರಿ ಬೇಕು, ಅದಕ್ಕೆ ಯಾವ ದರ ಎಂದು ಮೊದಲೇ ಗೊತ್ತುಮಾಡಿಕೊಂಡು, ನಿಜವಾಗಿ ಆದ ಖರ್ಚನ್ನು ಅದರೊಂದಿಗೆ ಹೋಲಿಸಲಾಗುತ್ತದೆ. ದರದಿಂದ ಬಂದ ಅಂತರ ಬೆಲೆ ವ್ಯತ್ಯಾಸ, ಬಳಕೆಯಿಂದ ಬಂದದ್ದು ಪ್ರಮಾಣ ವ್ಯತ್ಯಾಸ. ಗುಣಾಕಾರ, ವ್ಯವಕಲನ ಬಲ್ಲ ಯಾರಾದರೂ ಈ ಲೆಕ್ಕ ಮಾಡಬಹುದು. ಕಷ್ಟವಿರುವುದು ಬಂದ ಅಂಕಿಯನ್ನು ಓದುವುದರಲ್ಲಿ.

ಇದನ್ನು ನೋಡಲು ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ರಾಮನಗರ, ಶಿಡ್ಲಘಟ್ಟಗಳ ಘಟಕಗಳಲ್ಲಿ ಖರ್ಚಿನ ಬಹುಪಾಲು ಒಂದೇ ಸಾಮಗ್ರಿಯದು, ಅದು ಗೂಡು. ಅದರ ದರ ಸರ್ಕಾರಿ ಮಾರುಕಟ್ಟೆಯ ಹರಾಜಿನಲ್ಲಿ ಲಾಟಿನಿಂದ ಲಾಟಿಗೆ, ದಿನದಿಂದ ದಿನಕ್ಕೆ ಬದಲಾಗುತ್ತದೆ. ಬಳಕೆಯ ಅಳತೆಯೂ ಈ ಕಸುಬಿನಲ್ಲಿ ಹಿಂದಿನಿಂದಲೇ ಇದೆ. ಒಂದು ಕಿಲೋ ಕಚ್ಚಾ ರೇಷ್ಮೆ ತೆಗೆಯಲು ಎಷ್ಟು ಕಿಲೋ ಹಸಿ ಗೂಡು ಬೇಕಾಯಿತು ಎಂಬುದೇ ರೆಂಡಿಟ್ಟಾ. ಅದು ಕಡಿಮೆಯಾದಷ್ಟೂ ರೀಲರಿಗೆ ಲಾಭ. ವೆಚ್ಚ ಲೆಕ್ಕಶಾಸ್ತ್ರದ ಹೆಸರೇ ಕೇಳದ ಚರಕದ ಮಾಲೀಕನೂ ಸಂಜೆಯ ಹೊತ್ತಿಗೆ ಅಂದಿನ ರೆಂಡಿಟ್ಟಾ ಎಷ್ಟು ಎಂದು ಕೇಳದೆ ಇರುವುದಿಲ್ಲ.

ದ್ವಿತಳಿ ಗೂಡು ಬಿಚ್ಚುವ ಒಂದು ಘಟಕವನ್ನು ಊಹಿಸಿಕೊಳ್ಳಬಹುದು. ಇಲ್ಲಿ ಕೊಡುವ ಅಂಕಿಗಳು ಲೆಕ್ಕಕ್ಕಾಗಿ ಆರಿಸಿಕೊಂಡವು. ಆ ಘಟಕ ವರ್ಷದ ಆರಂಭದಲ್ಲಿ ಎರಡು ಪ್ರಮಾಣಗಳನ್ನು ಗೊತ್ತುಮಾಡಿಕೊಂಡಿದೆ: ರೆಂಡಿಟ್ಟಾ 6.5, ಗೂಡಿನ ದರ ಕಿಲೋಗೆ 600 ರೂಪಾಯಿ. ರೆಂಡಿಟ್ಟಾವನ್ನು ಯಂತ್ರ ಮಾರುವವರು ಕೊಟ್ಟ ಕರಪತ್ರದಿಂದ ಎತ್ತಿಕೊಂಡಿಲ್ಲ. ಹಿಂದಿನ ವರ್ಷದ ದಿನಚರಿಯಲ್ಲಿ ಯಂತ್ರ ಸುಸ್ಥಿತಿಯಲ್ಲಿದ್ದು, ಗೂಡೂ ಸಾಧಾರಣವಾಗಿ ಚೆನ್ನಾಗಿದ್ದ ವಾರಗಳನ್ನು ಆರಿಸಿ ಸರಾಸರಿ ತೆಗೆದದ್ದು. ಎಂದೂ ಮುಟ್ಟಲಾಗದ ಪ್ರಮಾಣವಿಟ್ಟರೆ ಪ್ರತಿ ತಿಂಗಳೂ ಪ್ರತಿಕೂಲ ವ್ಯತ್ಯಾಸವೇ ಕಾಣುತ್ತದೆ. ಮೂರನೆಯ ತಿಂಗಳಿನ ನಂತರ ಆ ವರದಿಯನ್ನು ಯಾರೂ ತೆರೆಯುವುದಿಲ್ಲ.

ಒಂದು ತಿಂಗಳು ಘಟಕ 400 ಕಿಲೋ ಕಚ್ಚಾ ರೇಷ್ಮೆ ತೆಗೆಯಿತು. ಪ್ರಮಾಣದ ಪ್ರಕಾರ ಅದಕ್ಕೆ 2,600 ಕಿಲೋ ಗೂಡು ಸಾಕಿತ್ತು. 600 ರೂಪಾಯಿಯಂತೆ ಅದರ ವೆಚ್ಚ 15,60,000 ರೂಪಾಯಿ. ನಿಜವಾಗಿ ಬಳಕೆಯಾದದ್ದು 2,800 ಕಿಲೋ, ಕೊಂಡ ದರ ಸರಾಸರಿ 560 ರೂಪಾಯಿ, ಒಟ್ಟು 15,68,000. ಅಂತರ ಬರೀ 8,000 ರೂಪಾಯಿ. ಹದಿನೈದೂವರೆ ಲಕ್ಷದ ಲೆಕ್ಕದಲ್ಲಿ ಎಂಟು ಸಾವಿರ ಹೆಚ್ಚು ಕಡಿಮೆಯಾದರೆ ಯಾವ ಮಾಲೀಕನೂ ತಲೆ ಕೆಡಿಸಿಕೊಳ್ಳುವುದಿಲ್ಲ. ಒಟ್ಟು ಮೊತ್ತವನ್ನಷ್ಟೇ ನೋಡುವ ಪದ್ಧತಿಯ ದೋಷವೂ ಇದೇ.

ಈಗ ಅದನ್ನು ಬಿಡಿಸಬೇಕು. ಬೆಲೆ ವ್ಯತ್ಯಾಸ ತಿಳಿಯಲು ಪ್ರಮಾಣಿತ ದರದಿಂದ ನಿಜ ದರವನ್ನು ಕಳೆದು, ನಿಜವಾದ ತೂಕದಿಂದ ಗುಣಿಸಬೇಕು. ಕಿಲೋಗೆ 40 ರೂಪಾಯಿಯಂತೆ 2,800 ಕಿಲೋಗೆ 1,12,000 ರೂಪಾಯಿ ಉಳಿತಾಯ. ಇದು ಅನುಕೂಲ ವ್ಯತ್ಯಾಸ. ಪ್ರಮಾಣ ವ್ಯತ್ಯಾಸಕ್ಕೆ ಬೇಕಿದ್ದ ತೂಕದಿಂದ ಬಳಸಿದ ತೂಕವನ್ನು ಕಳೆದು, ಪ್ರಮಾಣಿತ ದರದಿಂದ ಗುಣಿಸಬೇಕು. 200 ಕಿಲೋ ಹೆಚ್ಚು ಬಳಕೆಗೆ 600 ರೂಪಾಯಿಯಂತೆ 1,20,000 ರೂಪಾಯಿ ನಷ್ಟ, ಇದು ಪ್ರತಿಕೂಲ. ಒಂದನ್ನು ಇನ್ನೊಂದರಿಂದ ಕಳೆದರೆ ಅದೇ ಎಂಟು ಸಾವಿರ. ಲಕ್ಷ ದಾಟಿದ ಎರಡು ಸಂಗತಿಗಳು ಒಂದರ ಹಿಂದೆ ಒಂದು ಅಡಗಿ ಕೂತಿದ್ದವು.

ಬಳಕೆಯ ನಷ್ಟವನ್ನು ನಿಜವಾದ 560ರ ದರದಲ್ಲಿ ಕಟ್ಟದೆ 600ರಲ್ಲಿ ಏಕೆ ಕಟ್ಟಬೇಕು ಎಂಬ ಪ್ರಶ್ನೆ ಸಹಜ. ಬಿಚ್ಚಾಣಿಕೆಯ ಮೇಸ್ತ್ರಿಗೆ ಹರಾಜಿನ ದರದ ಮೇಲೆ ಯಾವ ಹಿಡಿತವೂ ಇಲ್ಲ. ನಿಜ ದರದಲ್ಲಿ ಕಟ್ಟಿದರೆ ಒಂದು ತಿಂಗಳು 200 ಕಿಲೋ ಪೋಲು ಮಾಡಿದ್ದು ಚಿಕ್ಕದಾಗಿಯೂ, ದರ ಏರಿದ ಇನ್ನೊಂದು ತಿಂಗಳು ಅಷ್ಟೇ ಪೋಲು ದೊಡ್ಡದಾಗಿಯೂ ಕಾಣುತ್ತದೆ. ಪ್ರಮಾಣಿತ ದರದಲ್ಲಿ ಕಟ್ಟಿದಾಗ ಹರಾಜು ಕಟ್ಟೆಯ ಗಾಳಿ ಯಂತ್ರದ ಮನೆಗೆ ತಾಗುವುದಿಲ್ಲ. ಇನ್ನು ಹೆಚ್ಚು ಬಳಸಿದ ಆ 200 ಕಿಲೋದ ಮೇಲೂ ಕಿಲೋಗೆ 40 ರೂಪಾಯಿ ಉಳಿದಿದೆಯಲ್ಲ, ಅದು ಎರಡಕ್ಕೂ ಸೇರಿದ ತುಣುಕು. ರೂಢಿಯ ಪ್ರಕಾರ ಅದನ್ನು ಬೆಲೆಯ ಪಾಲಿಗೆ ಹಾಕಲಾಗುತ್ತದೆ. ಇದು ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡು, ಅಷ್ಟೇ.

ಇಂಥ ಜೋಡಿ ಅಂಕಿ ಕಂಡ ತಕ್ಷಣ ಅನುಭವಿ ವ್ಯವಸ್ಥಾಪಕರ ಬಾಯಲ್ಲಿ ಬರುವ ಮಾತು ಒಂದೇ: ಅಗ್ಗಕ್ಕೆ ಕಳಪೆ ಗೂಡು ತಂದಿದ್ದಾರೆ, ಅದಕ್ಕೇ ನೂಲು ಇಳಿದಿಲ್ಲ. ಬಹುಪಾಲು ಸಲ ಅದು ನಿಜವೂ ಹೌದು. ಹರಾಜಿನಲ್ಲಿ ಅಗ್ಗಕ್ಕೆ ಹೋಗುವ ಲಾಟಿನಲ್ಲಿ ತೆಳು ಗೂಡು, ಕಲೆ ಬಿದ್ದ ಗೂಡು, ಎರಡು ಹುಳುಗಳು ಸೇರಿ ಕಟ್ಟಿದ ಜೋಡಿ ಗೂಡು ಹೆಚ್ಚಿರುತ್ತವೆ. ಊಜಿ ನೊಣದ ಹುಳು ಕೊರೆದು ಹೊರಬಂದ ಗೂಡಿನಲ್ಲಿ ಎಳೆ ಒಂದೇ ಸಮನೆ ಬಿಚ್ಚುವುದಿಲ್ಲ. ಮಳೆಗಾಲದಲ್ಲಿ ಕಟ್ಟಿದ ಗೂಡಿನ ಎಳೆ ಪದೇ ಪದೇ ತುಂಡಾಗುತ್ತದೆ. ಈ ಓದಿನ ಪ್ರಕಾರ ಖರೀದಿಯವರ 1,12,000 ರೂಪಾಯಿಯ ಸಾಧನೆ ಸಾಧನೆಯೇ ಅಲ್ಲ. ತಮ್ಮ ಖಾತೆಯ ನಷ್ಟವನ್ನು ಪಕ್ಕದ ಖಾತೆಗೆ ದಾಟಿಸಿದ್ದು, ಮೇಲೆ ಇನ್ನೆಂಟು ಸಾವಿರ ಸೇರಿಸಿದ್ದು.

ಆದರೆ ಸುಲಭವಾಗಿ ಬಂದ ಉತ್ತರವನ್ನು ಒಮ್ಮೆ ಪರೀಕ್ಷಿಸಬೇಕು. ಅದಕ್ಕೆ ಈ ಕಸುಬಿನಲ್ಲಿ ಬೇರೆ ಉದ್ಯಮಗಳಿಗೆ ಅಷ್ಟು ಸುಲಭವಾಗಿ ಸಿಗದ ಒಂದು ಸೌಲಭ್ಯವಿದೆ. ಮಾರುಕಟ್ಟೆಯ ಆಯಾ ದಿನದ ಕನಿಷ್ಠ, ಗರಿಷ್ಠ ಮತ್ತು ಸರಾಸರಿ ದರಗಳು ಬಹಿರಂಗವಾಗಿ ಸಿಗುತ್ತವೆ. ಘಟಕ ಕೊಂಡ ದಿನಗಳ ಸರಾಸರಿ ತೆಗೆದಾಗ ಅದು 540 ರೂಪಾಯಿ ಎಂದು ಗೊತ್ತಾಯಿತು ಎನ್ನೋಣ. ಆಗ ಬೆಲೆ ವ್ಯತ್ಯಾಸವೇ ಎರಡು ಹೋಳಾಗುತ್ತದೆ. ಮಾರುಕಟ್ಟೆ 600ರಿಂದ 540ಕ್ಕೆ ಇಳಿದದ್ದರಿಂದ ಬಂದದ್ದು ಕಿಲೋಗೆ 60ರಂತೆ 1,68,000 ರೂಪಾಯಿ ಅನುಕೂಲ. ಇದರಲ್ಲಿ ಯಾರ ಜಾಣತನವೂ ಇಲ್ಲ. ವರ್ಷಾರಂಭದ ಅಂದಾಜು ಮೇಲಿತ್ತು, ಪೇಟೆ ಕೆಳಗೆ ಬಂತು. ಖರೀದಿ ವಿಭಾಗದ ಸ್ವಂತ ಪಾಲು ಎಂದರೆ 540 ಇದ್ದಾಗ 560 ಕೊಟ್ಟದ್ದು. ಅದು ಕಿಲೋಗೆ 20ರಂತೆ 56,000 ರೂಪಾಯಿ ಪ್ರತಿಕೂಲ.

ಇಲ್ಲಿಗೆ ಮೊದಲಿನ ಕಥೆ ತಿರುವು ಪಡೆಯುತ್ತದೆ. ಸರಾಸರಿಗಿಂತ 20 ರೂಪಾಯಿ ಹೆಚ್ಚು ಕೊಟ್ಟು ತಂದದ್ದು ಕಳಪೆ ಗೂಡಾಗಿರುವ ಸಂಭವ ಕಡಿಮೆ. ಹರಾಜಿನಲ್ಲಿ ಒಂದು ಲಾಟಿಗೆ ಸರಾಸರಿಗಿಂತ ಮೇಲೆ ದರ ಹೇಳಬೇಕಾದರೆ ಇತರ ರೀಲರುಗಳೂ ಅದನ್ನು ಒಳ್ಳೆಯ ಗೂಡು ಎಂದೇ ನೋಡಿರಬೇಕು. ಇಲ್ಲವೇ ಘಟಕದ ಕಡೆಯವರು ಮಾಲು ಮುಗಿದು, ಯಂತ್ರ ನಿಲ್ಲಬಾರದೆಂದು ತರಾತುರಿಯಲ್ಲಿ ಕೊಂಡಿರಬೇಕು. ಇದರಲ್ಲಿ ಯಾವುದು ಎಂದು ತಿಳಿಯಲು ಬೆಲೆಯ ಅಂಕಿ ಸಾಲದು, ಗೂಡಿನ ಪರೀಕ್ಷೆಯ ದಾಖಲೆ ಬೇಕು. ಲಾಟಿನಿಂದ ಮಾದರಿ ಗೂಡು ತೆಗೆದು ಕತ್ತರಿಸಿ, ಒಳಗಿನ ಹುಳುವನ್ನು ಬಿಟ್ಟು ರೇಷ್ಮೆಯ ಕವಚ ಒಟ್ಟು ತೂಕದಲ್ಲಿ ಶೇಕಡಾ ಎಷ್ಟು ಎಂದು ನೋಡುವುದು ರೂಢಿ. ಈ ಘಟಕದ ದಾಖಲೆಯಲ್ಲಿ ತಿಂಗಳುದ್ದಕ್ಕೂ ಅದು ಶೇಕಡಾ 20ರ ಆಸುಪಾಸಿನಲ್ಲೇ ಇದೆ. ಅಂದರೆ ರೇಷ್ಮೆ ಗೂಡಿನಲ್ಲಿತ್ತು. ಅದು ರಾಟೆಗೆ ಏರಲಿಲ್ಲ.

ಇನ್ನು ಪ್ರಮಾಣ ವ್ಯತ್ಯಾಸದ ಕಡೆ ನೋಡಬೇಕು. ತಿಂಗಳ ಮೊತ್ತ ಇಲ್ಲಿಯೂ ಮೋಸ ಮಾಡುತ್ತದೆ. ದಿನಚರಿಯನ್ನು ಎರಡು ಪಾಲು ಮಾಡಿದಾಗ ಮೊದಲ ಹದಿನೈದು ದಿನ 1,300 ಕಿಲೋ ಗೂಡಿನಿಂದ 200 ಕಿಲೋ ನೂಲು ಬಂದಿದೆ, ರೆಂಡಿಟ್ಟಾ ಸರಿಯಾಗಿ 6.5. ಕೊನೆಯ ಹದಿನೈದು ದಿನ ಅಷ್ಟೇ ನೂಲಿಗೆ 1,500 ಕಿಲೋ ಹೋಗಿದೆ, ರೆಂಡಿಟ್ಟಾ 7.5. ಹೆಚ್ಚು ಬಳಕೆಯಾದ 200 ಕಿಲೋವೂ ಕೊನೆಯ ಪಕ್ಷದ್ದೇ. ಗೂಡಿನ ದರವಾಗಲಿ, ಕವಚದ ಪ್ರಮಾಣವಾಗಲಿ ಎರಡು ಪಕ್ಷಗಳ ನಡುವೆ ಬದಲಾಗದಿದ್ದಾಗ ಬದಲಾದದ್ದು ಕಾರ್ಖಾನೆಯ ಒಳಗೇ ಇರಬೇಕು.

ರೇಷ್ಮೆ ಆವಿಯಾಗಿ ಹೋಗುವ ವಸ್ತುವಲ್ಲ. 1,500 ಕಿಲೋ ಗೂಡಿನಲ್ಲಿ ಶೇಕಡಾ 20ರಂತೆ 300 ಕಿಲೋ ಕವಚವಿತ್ತು, ನೂಲಾಗಿ ಬಂದದ್ದು 200. ಮೊದಲ ಪಕ್ಷದ ರೆಂಡಿಟ್ಟಾ ಉಳಿದಿದ್ದರೆ ಸುಮಾರು 231 ಕಿಲೋ ಬರಬೇಕಿತ್ತು. ಆ 31 ಕಿಲೋ ಎಲ್ಲೋ ಇರಲೇಬೇಕು. ಹುಡುಕುವುದು ತ್ಯಾಜ್ಯದ ರಿಜಿಸ್ಟರಿನಲ್ಲಿ. ಬ್ರಷ್ ಮಾಡುವಾಗ ಮೇಲಿಂದ ಬರುವ ಸಿಕ್ಕು ರೇಷ್ಮೆ, ಬೇಸಿನ್ನಿನಲ್ಲಿ ಬಿಚ್ಚದೆ ಉಳಿದ ಗೂಡು, ಹುಳುವಿಗೆ ಅಂಟಿಕೊಂಡೇ ಹೋದ ಒಳಪದರ, ಇವುಗಳ ತೂಕ ಏರಿದ್ದರೆ ನೂಲು ಅಲ್ಲಿಗೆ ಹೋಗಿದೆ. ತ್ಯಾಜ್ಯ ಏರದೆ ನೂಲು ಮಾತ್ರ ಇಳಿದಿದ್ದರೆ ಅನುಮಾನ ಬೇರೆ ಕಡೆ ಹೊರಳಬೇಕು: ಗೂಡಿನ ತೂಕ ತಪ್ಪಾಗಿ ಬರೆದಿರಬಹುದು, ಮಾದರಿ ಪರೀಕ್ಷೆ ಹೆಸರಿಗಷ್ಟೇ ನಡೆದಿರಬಹುದು, ನೂಲೇ ಕಣ್ಣು ತಪ್ಪಿಸಿ ಹೊರಗೆ ಹೋಗಿರಬಹುದು. ಮೂರನೆಯದನ್ನು ಬಾಯಿಬಿಟ್ಟು ಹೇಳಲು ಎಲ್ಲರೂ ಹಿಂಜರಿಯುತ್ತಾರೆ, ಆದರೆ ತೂಕದ ತಾಳೆ ಇಲ್ಲದ ಕಡೆ ಅದನ್ನು ತಳ್ಳಿಹಾಕುವಂತೆಯೂ ಇಲ್ಲ.

ಈ ಘಟಕದಲ್ಲಿ ತ್ಯಾಜ್ಯ ಏರಿತ್ತು. ಹುಳುವಿನ ಸುತ್ತ ಬಿಚ್ಚದ ದಪ್ಪ ಪದರ ಉಳಿದಿತ್ತು, ಎಳೆ ಕಡಿದು ಮತ್ತೆ ಮತ್ತೆ ಬ್ರಷ್‌ಗೆ ಮರಳಿದ ಗೂಡುಗಳೂ ಹೆಚ್ಚಿದ್ದವು. ಇದು ಗೂಡು ಸರಿಯಾಗಿ ಬೇಯದಿರುವ ಲಕ್ಷಣ. ಅತಿಯಾಗಿ ಬೆಂದಿದ್ದರೆ ಗೂಡು ಮೆತ್ತಗಾಗಿ ಪದರಗಳು ಗೊಂಚಲು ಗೊಂಚಲಾಗಿ ಕಳಚಿ ಬರುತ್ತವೆ. ನಷ್ಟ ಆಗಲೂ ಇದೆ, ಆದರೆ ಸಿಗುವ ಜಾಗ ಬೇರೆ. ಬೇಯಿಸುವವರು ಹೊಸಬರಲ್ಲ, ಯಂತ್ರವೂ ಅದೇ. ಆವಿಯ ಒತ್ತಡದ ದಾಖಲೆ ನೋಡಿದಾಗ ತಿಂಗಳ ನಡುವಿನಿಂದ ಅದು ಮಧ್ಯೆ ಮಧ್ಯೆ ಕುಸಿದಿರುವುದು ಕಾಣುತ್ತದೆ. ಬಾಯ್ಲರಿಗೆ ಹಾಕಿದ ಸೌದೆ ಹಸಿ.

ಹಸಿ ಸೌದೆ ಏಕೆ ಬಂತು ಎಂಬುದಕ್ಕೆ ಉತ್ತರ ಮತ್ತೊಂದು ಬೆಲೆ ವ್ಯತ್ಯಾಸದಲ್ಲಿದೆ. ಸೌದೆಯ ಪ್ರಮಾಣಿತ ದರ ಕಿಲೋಗೆ 5 ರೂಪಾಯಿ, ಆ ತಿಂಗಳು 10 ಟನ್ ಕೊಂಡದ್ದು ನಾಲ್ಕೂವರೆಗೆ. ವರದಿಯ ಕೆಳಸಾಲಿನಲ್ಲಿ ಇಂಧನದ ಬೆಲೆ ವ್ಯತ್ಯಾಸ 5,000 ರೂಪಾಯಿ ಅನುಕೂಲ ಎಂದು ಬರೆದಿದೆ. ಯಾರೂ ಅದನ್ನು ಪ್ರಶ್ನಿಸಲಿಲ್ಲ, ಏಕೆಂದರೆ ಅನುಕೂಲ ಎಂದು ಬರೆದ ಸಾಲನ್ನು ಪ್ರಶ್ನಿಸುವ ಪದ್ಧತಿ ಬಹಳ ಕಡೆ ಇಲ್ಲ. ಐದು ಸಾವಿರ ಉಳಿಸಿದ ಸೌದೆ ಗೂಡಿನ ಲೆಕ್ಕದಲ್ಲಿ ಒಂದು ಲಕ್ಷ ಇಪ್ಪತ್ತು ಸಾವಿರ ತಿಂದಿತು. ನ್ಯಾಯವಾಗಿ ಹೇಳುವುದಾದರೆ ನಷ್ಟ ಪೂರ್ತಿ ಅಷ್ಟಲ್ಲ. ಸಿಕ್ಕು ರೇಷ್ಮೆಗೂ ಗಿರಾಕಿಗಳಿದ್ದಾರೆ, ಹೆಚ್ಚಿದ ತ್ಯಾಜ್ಯ ಮಾರಿ ಬಂದ ಹಣವನ್ನು ಇದರಿಂದ ಕಳೆಯಬೇಕು. ಆದರೆ ತ್ಯಾಜ್ಯಕ್ಕೆ ಸಿಗುವ ದರ ನೂಲಿನ ದರದ ಸಣ್ಣ ಭಾಗ ಮಾತ್ರ.

ಹಾಗಾದರೆ ಪ್ರತಿಕೂಲ ಪ್ರಮಾಣ ವ್ಯತ್ಯಾಸಕ್ಕೆ ಬಿಚ್ಚಾಣಿಕೆಯ ಮೇಸ್ತ್ರಿ ಹೊಣೆಯೇ? ಪಠ್ಯಪುಸ್ತಕದ ಸೂತ್ರದಂತೆ ಬೆಲೆ ವ್ಯತ್ಯಾಸ ಖರೀದಿಯವರದು, ಪ್ರಮಾಣ ವ್ಯತ್ಯಾಸ ಉತ್ಪಾದನೆಯವರದು. ವಿಚಾರಣೆ ಯಾರ ಮೇಜಿನಿಂದ ಶುರುವಾಗಬೇಕು ಎಂಬುದಕ್ಕೆ ಆ ಹಂಚಿಕೆ ಸರಿ. ಯಾರ ಮೇಜಿನಲ್ಲಿ ಮುಗಿಯಬೇಕು ಎಂಬುದನ್ನು ಅದು ಹೇಳುವುದಿಲ್ಲ. ಮೇಸ್ತ್ರಿಯ ಪಾಲಿಗೆ ಉಳಿಯುವ ಪ್ರಶ್ನೆ ಒಂದೇ: ರೆಂಡಿಟ್ಟಾ 7 ದಾಟಿದ ದಿನವೇ ಅವನು ಕೂಗಿ ಹೇಳಿದ್ದನೇ? ಹೇಳಲು ಅವನಿಗೆ ದಾರಿ ಇತ್ತೇ? ತಿಂಗಳ ಕೊನೆಯಲ್ಲಿ ರೂಪಾಯಿಯಲ್ಲಿ ಬರುವ ವರದಿ ಇಂಥ ಕಡೆ ಉಪಯೋಗಕ್ಕೆ ಬರುವುದಿಲ್ಲ. ಯಂತ್ರದ ಮನೆಗೆ ಬೇಕಾದದ್ದು ದಿನದಿನದ ರೆಂಡಿಟ್ಟಾ ಬರೆದ ಹಲಗೆ, ಮತ್ತು ಎಷ್ಟು ದಾಟಿದರೆ ಮಾಲೀಕರಿಗೆ ತಿಳಿಸಬೇಕು ಎಂಬ ಗೆರೆ. 6.5ರ ಪ್ರಮಾಣಕ್ಕೆ 6.7 ಬಂದರೆ ಅದು ಗೂಡಿನ ಸಹಜ ಏರುಪೇರು. ಮೂರು ದಿನ ಬಿಡದೆ 7ರ ಮೇಲೆ ನಿಂತರೆ ಅದಕ್ಕೆ ಕಾರಣವಿದೆ. ರೂಪಾಯಿಯ ವ್ಯತ್ಯಾಸ ಆಮೇಲೆ ಆ ಕಾರಣಕ್ಕೆ ತೆತ್ತ ಬೆಲೆ ಎಷ್ಟು ಎಂದು ಹೇಳುತ್ತದೆ.

ಕೂಲಿಗೂ ಇದೇ ಕತ್ತರಿ ಹಿಡಿಯಬಹುದು. ಕೂಲಿ ದರದ ಅಂತರ ಒಂದು, ಅದೇ ನೂಲಿಗೆ ಹಿಡಿದ ಗಂಟೆಗಳ ಅಂತರ ಇನ್ನೊಂದು. ಹಸಿ ಸೌದೆಯ ಪಕ್ಷದಲ್ಲಿ ಎಳೆ ಕಡಿದಾಗಲೆಲ್ಲ ಕೂಡಿಸಬೇಕಾದ್ದರಿಂದ ಗಂಟೆಯ ವ್ಯತ್ಯಾಸವೂ ಪ್ರತಿಕೂಲವಾಗಿರುತ್ತದೆ. ಗೂಡಿನ ಬಳಕೆ, ಕೆಲಸದ ಗಂಟೆ ಎರಡೂ ಒಟ್ಟಿಗೆ ಕೆಟ್ಟರೆ ಗೂಡಿನ ಗುಣವನ್ನೋ ಬೇಯಿಸುವಿಕೆಯನ್ನೋ ಮೊದಲು ನೋಡಬೇಕು. ಬಳಕೆ ಸರಿಯಿದ್ದು ಗಂಟೆ ಮಾತ್ರ ಏರಿದರೆ ಕರೆಂಟು ಹೋದದ್ದು, ಯಂತ್ರ ನಿಂತದ್ದು ಕಾರಣವಿರಬಹುದು.

ಲೆಕ್ಕ ಹಿಡಿಯುವಲ್ಲೇ ಆಗುವ ಎಡವಟ್ಟುಗಳು ಬೇರೆ. ಹಸಿ ಗೂಡನ್ನು ಹಾಗೇ ಇಟ್ಟರೆ ಕೆಲವೇ ದಿನಗಳಲ್ಲಿ ಚಿಟ್ಟೆ ತೂತು ಕೊರೆದು ಹೊರಬರುತ್ತದೆ, ಆದ್ದರಿಂದ ಉಳಿಸಬೇಕಾದ ಗೂಡನ್ನು ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಒಣಗಿದ ಗೂಡಿನ ತೂಕ ಹಸಿಯ ಸುಮಾರು ಐದರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಖರೀದಿ ಹಸಿ ತೂಕದಲ್ಲಿ, ಬಳಕೆ ಒಣ ತೂಕದಲ್ಲಿ ಬರೆಯುವ ಗುಮಾಸ್ತನಿದ್ದರೆ ರೆಂಡಿಟ್ಟಾ ಒಂದು ವಾರ ಅದ್ಭುತವಾಗಿ ಕಾಣುತ್ತದೆ. ದಾಸ್ತಾನು ತೂಗಿದ ದಿನ ಆ ಅದ್ಭುತ ಮುಗಿಯುತ್ತದೆ. ಒಣ ಗೂಡನ್ನು ಹಸಿ ತೂಕಕ್ಕೆ ಪರಿವರ್ತಿಸಿಯೇ ಬರೆಯುವುದು ಇದಕ್ಕೆ ಮದ್ದು.

ಕೊಂಡ ತಿಂಗಳು ಒಂದು, ಬಳಸಿದ ತಿಂಗಳು ಇನ್ನೊಂದು ಆಗುವ ತೊಡಕೂ ಗೂಡನ್ನು ಹೀಗೆ ಒಣಗಿಸಿ ಇಡುವುದರಿಂದಲೇ ಬರುತ್ತದೆ. 3,400 ಕಿಲೋ ಕೊಂಡು 2,800 ಬಳಸಿದ್ದರೆ ಬೆಲೆ ವ್ಯತ್ಯಾಸವನ್ನು ಕೊಂಡ 3,400ರ ಮೇಲೆ, ಕೊಂಡ ತಿಂಗಳಲ್ಲೇ ಕಟ್ಟುವುದು ಒಳ್ಳೆಯದು. ಬಳಸುವವರೆಗೆ ಕಾದರೆ ಖರೀದಿಯ ಸಂಕೇತ ಗೋದಾಮಿನಲ್ಲಿ ಮಲಗಿ, ಪೇಟೆ ಬೇರೆಯೇ ಆದ ಮೇಲೆ ಎಚ್ಚರಗೊಳ್ಳುತ್ತದೆ. ಕೊಂಡಾಗಲೇ ಕಟ್ಟಿದರೆ ದಾಸ್ತಾನು ಪ್ರಮಾಣಿತ ದರದಲ್ಲೇ ನಿಲ್ಲುತ್ತದೆ, ಮೇಸ್ತ್ರಿಗೆ ಹೋಗುವ ಗೂಡಿಗೂ ಅದೇ ದರ.

ಅನುಕೂಲ ಪ್ರಮಾಣ ವ್ಯತ್ಯಾಸವೂ ಕಣ್ಣುಮುಚ್ಚಿ ಒಪ್ಪುವಂಥದ್ದಲ್ಲ. ರೆಂಡಿಟ್ಟಾ ಇಳಿಸಲು ಒಳಪದರದ ತೀರಾ ಸಣ್ಣ ಎಳೆಯವರೆಗೂ ಬಿಚ್ಚುತ್ತಾ ಹೋದರೆ, ಕಳಚಿಕೊಂಡ ಗೂಡಿನ ಜಾಗಕ್ಕೆ ಹೊಸ ಗೂಡು ಕೊಡುವುದನ್ನು ತಡಮಾಡಿದರೆ ತೂಕ ಸಿಗುತ್ತದೆ, ನೂಲು ಒಂದೇ ದಪ್ಪದಲ್ಲಿ ಇರುವುದಿಲ್ಲ. ಮಗ್ಗದವರು ಅದನ್ನು ಬೆರಳಿನಲ್ಲಿ ಎಳೆದು ನೋಡಿಯೇ ದರ ಇಳಿಸುತ್ತಾರೆ. ಬಳಕೆಯಲ್ಲಿ ಉಳಿದದ್ದು ಮಾರಾಟದಲ್ಲಿ ಹೋದರೆ ವೆಚ್ಚದ ವರದಿಗೆ ಅದು ಕಾಣುವುದೇ ಇಲ್ಲ. ಖರೀದಿಯವರಿಗೆ ಬೆಲೆ ವ್ಯತ್ಯಾಸದ ಮೇಲೆ, ಮೇಸ್ತ್ರಿಗೆ ರೆಂಡಿಟ್ಟಾದ ಮೇಲೆ ಬೋನಸ್ ಕೊಡುವ ಘಟಕಗಳು ಇದನ್ನು ಕೈಯಾರೆ ತಂದುಕೊಳ್ಳುತ್ತವೆ. ಇಬ್ಬರನ್ನೂ ಒಂದು ಕಿಲೋ ನೂಲಿಗೆ ಬಿದ್ದ ಒಟ್ಟು ಗೂಡಿನ ವೆಚ್ಚ ಮತ್ತು ನೂಲಿಗೆ ಸಿಕ್ಕ ದರದ ಮೇಲೆ ಅಳೆಯುವುದು ಹೆಚ್ಚು ಸುರಕ್ಷಿತ.

ಉಳಿದದ್ದು ಪ್ರಮಾಣಗಳ ಪರಿಷ್ಕರಣೆ. ಪೇಟೆ ತಿಂಗಳುಗಟ್ಟಲೆ 540ರಲ್ಲೇ ನಿಂತಿದ್ದರೆ 600ರ ಪ್ರಮಾಣಕ್ಕೆ ಅರ್ಥವಿಲ್ಲ, ಎಲ್ಲ ತಿಂಗಳೂ ಖರೀದಿಯವರು ಬುದ್ಧಿವಂತರಾಗಿಯೇ ಕಾಣುತ್ತಾರೆ. ದರದ ಪ್ರಮಾಣವನ್ನು ಮೂರು ತಿಂಗಳಿಗೊಮ್ಮೆ ಬದಲಿಸಬಹುದು. ರೆಂಡಿಟ್ಟಾವನ್ನು ಅಷ್ಟು ಬೇಗ ಬದಲಿಸಬಾರದು, ತಳಿಯೋ ಯಂತ್ರವೋ ಬದಲಾದಾಗ ಮಾತ್ರ ಮುಟ್ಟಬೇಕು. ಇಲ್ಲದಿದ್ದರೆ ಕೆಟ್ಟ ಅಭ್ಯಾಸವೇ ಹೊಸ ಪ್ರಮಾಣವಾಗಿ ಕೂರುತ್ತದೆ. ದಾಸ್ತಾನು ಮೌಲ್ಯಮಾಪನದ ಲೆಕ್ಕ ಮಾನದಂಡಗಳೂ ಪ್ರಮಾಣಿತ ವೆಚ್ಚ ನಿಜ ವೆಚ್ಚಕ್ಕೆ ಹತ್ತಿರವಿದ್ದರೆ ಮಾತ್ರ ಅದರ ಬಳಕೆಗೆ ಒಪ್ಪುತ್ತವೆ. ವರ್ಷದ ಕೊನೆಯಲ್ಲಿ ಪೇಟೆಯಿಂದ ಬಂದ ಬೆಲೆ ವ್ಯತ್ಯಾಸವನ್ನು ಮಾರಿದ ನೂಲು ಮತ್ತು ಉಳಿದ ದಾಸ್ತಾನಿನ ನಡುವೆ ಹಂಚಬೇಕು. ಹಸಿ ಸೌದೆಯಂಥ ಕಾರಣದಿಂದ ಆದ ಅಸಹಜ ಪೋಲನ್ನು ದಾಸ್ತಾನಿನ ಬೆಲೆಗೆ ಸೇರಿಸುವಂತಿಲ್ಲ. ಅದು ಆ ವರ್ಷದ ಲಾಭ-ನಷ್ಟದ ಖಾತೆಗೇ ಹೋಗಬೇಕು.